ತಿಮ್ಮನ ಜೋಕಿಗೆ ನಗುವವರು ಯಾರು?

"ಅಕ್ಕಾ, ನಾನು ಬಾಗಲಕೋಟೆ ಕಡೆಯವಳು, ಬೆಂಗಳೂರಿನ ಒಂದು ಆ್ಯಡ್ ಏಜೆನ್ಸಿಯಲ್ಲಿ ಕಾಪಿರೈಟರ್. ಬಟ್ಟೆ ಒಗೆದು, ಇಸ್ತ್ರಿ ಮಾಡಿ ಮನೆಗೆ ತಲುಪಿಸುವ ಆ್ಯಪ್ ಒಂದಕ್ಕೆ 30 ಸೆಕೆಂಡಿನ ಕಾಮಿಡಿ ಸ್ಕ್ರಿಪ್ಟ್ ರೆಡಿ ಆಗಿದೆ. ಹೆಂಡತಿ ಫೋನಲ್ಲಿ ಹರಟುತ್ತಾ ಗಂಡನ ಶರ್ಟ್ ಸುಡುತ್ತಾಳೆ. ಇಸ್ತ್ರಿ ಗಾಡಿಯ ತಿಮ್ಮ ಗಿರಾಕಿಯ ಶರ್ಟ್ ಹಾಕಿಕೊಂಡು ಮದುವೆಗೆ ಹೋಗಿರುತ್ತಾನೆ, ಹಿಂದೆ ಕತ್ತೆ ಅರಚುತ್ತದೆ. ಕೊನೆಗೆ 'ಆ್ಯಪ್ ಇದೆಯಲ್ಲ' ಅಂದರೆ ಕೆಲಸದ ಮಲ್ಲವ್ವ 'ಯಾರಿಗ್ರಿ ಆಪತ್ತು?' ಅಂತಾಳೆ. ಮೀಟಿಂಗಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ, ನಮ್ಮ ಕಡೆ ಮಾತು ಯಾವಾಗಲೂ ಕೆಲಸದವಳ ಬಾಯಲ್ಲೇ ಯಾಕೆ ಅಂತ ಕೇಳಿದೆ. 'ಆ ಕಡೆಯವರು ನೀವೇ ನಕ್ಕಿದ್ದೀರಲ್ಲ' ಅಂದರು ಬಾಸ್. ಸೋಮವಾರ ಕ್ಲೈಂಟ್‌ಗೆ ತೋರಿಸಬೇಕು. ನಾನು ಅತಿಯಾಗಿ ಆಡ್ತಿದ್ದೀನಾ?"
– ಹೆಸರು ಬೇಡ, ಬೆಂಗಳೂರು

ಇಲ್ಲಮ್ಮ, ಅತಿ ಏನೂ ಆಗಿಲ್ಲ. ಹತ್ತು ಜನ ನಗುವಾಗ ಹನ್ನೊಂದನೆಯವಳು ನಗುವುದು ಮರ್ಯಾದೆಗೆ. ಅದನ್ನು ಇಡೀ ಉತ್ತರ ಕರ್ನಾಟಕದ ಒಪ್ಪಿಗೆ ಅಂತ ಫೈಲಿಗೆ ಸೇರಿಸಿಕೊಳ್ಳಲು ಆಗುವುದಿಲ್ಲ.

ಆದರೆ ನೀವು ಮಲ್ಲವ್ವನ ಬಗ್ಗೆ ಕೇಳಿದ್ದೀರಿ, ನಾನು ತಿಮ್ಮನಿಂದ ಶುರು ಮಾಡುತ್ತೇನೆ. ನಿಮ್ಮ ಸ್ಕ್ರಿಪ್ಟಿನಲ್ಲಿ ಜಾಸ್ತಿ ಕೆಟ್ಟದ್ದು ಅವನ ಜೋಕು. ಮೀಟಿಂಗಲ್ಲಿ ಅದರ ಬಗ್ಗೆ ಯಾರೂ ತುಟಿ ಬಿಚ್ಚಿಲ್ಲ ಅನ್ನುವುದೇ ನನಗೆ ಗಾಬರಿ.

ಬಾಸ್ ಬಹುಶಃ "ಅದು ಬರೀ ವೃತ್ತಿಯ ಜೋಕು, ಜಾತಿ ಎಲ್ಲಿ ಬಂತು?" ಅನ್ನುತ್ತಾರೆ. ನಮ್ಮಲ್ಲಿ ಬಟ್ಟೆ ಒಗೆಯುವುದು, ಕ್ಷೌರ, ಮಡಕೆ, ಚಪ್ಪಲಿ, ಇವು ಯಾವುವೂ ಬರೀ ವೃತ್ತಿಯಲ್ಲ. ಕೆಲಸದ ಹೆಸರೇ ಜಾತಿಯ ಹೆಸರೂ ಹೌದು. ಈಗ ಸ್ಕ್ರಿಪ್ಟನ್ನು ಇನ್ನೊಮ್ಮೆ ನೋಡಿ. ಒಗೆದು ಇಸ್ತ್ರಿ ಮಾಡುವವನು, ತಿಮ್ಮ ಅನ್ನುವ ಹೆಸರು, ಗಿರಾಕಿಯ ಬಟ್ಟೆ ಉಡುವ ಹಳೇ ಹೀಯಾಳಿಕೆ, ಹಿಂದೆ ಕತ್ತೆಯ ಸದ್ದು. ಜಾತಿಯ ಹೆಸರನ್ನು ಎಲ್ಲೂ ಬರೆದಿಲ್ಲ, ಆದರೆ ಈ ನಾಲ್ಕೂ ಒಟ್ಟಿಗೆ ಬಂದರೆ ಕನ್ನಡದ ಯಾವ ನೋಡುಗರಿಗೂ ಅದು ಮಡಿವಾಳರ ಮನೆಯ ಜೋಕು ಅಂತ ಗೊತ್ತಾಗುತ್ತದೆ. ಹನ್ನೆರಡನೇ ಶತಮಾನದ ಶರಣ ಮಡಿವಾಳ ಮಾಚಿದೇವರ ಜಯಂತಿಯನ್ನು ಸರ್ಕಾರವೇ ಆಚರಿಸುವ ರಾಜ್ಯ ಇದು. ಅವರ ಸಮುದಾಯದ ಹುಡುಗನೊಬ್ಬ ಈ ಜಾಹೀರಾತನ್ನು ಕಾಲೇಜಿನಲ್ಲಿ ಗೆಳೆಯರ ಮೊಬೈಲಿನಲ್ಲಿ ನೋಡುತ್ತಾನೆ ಅಂತ ಇಟ್ಟುಕೊಳ್ಳಿ. ಆಮೇಲೆ ಅವನಿಗೆ ಅಲ್ಲಿ ಯಾವ ಅಡ್ಡಹೆಸರು ಬೀಳುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ವಿಷಯ. ನಿಮ್ಮ ಆ್ಯಪ್‌ಗೆ ಬೀದಿಯಲ್ಲಿರುವ ಪೈಪೋಟಿ ಯಾರು? ಅದೇ ಇಸ್ತ್ರಿ ಗಾಡಿಯವನು. ದುಡ್ಡಿರುವ ಕಂಪನಿ ಅವನ ಗಿರಾಕಿಯನ್ನು ಎಳೆದುಕೊಳ್ಳಲು ಹೊರಟಿದೆ. ಅದು ವ್ಯಾಪಾರ, ಇರಲಿ. ಜೊತೆಗೆ ಅವನನ್ನು ಕಳ್ಳ ಅಂತಲೂ ತೋರಿಸಬೇಕಾ?

ಬೇಕು ಅಂತ ಮಾಡಿದ್ದಲ್ಲ ಎಂಬ ಸಬೂಬು ನಡೆಯುವುದಿಲ್ಲ ಅಂತ 2023ರಲ್ಲೇ ಗೊತ್ತಾಗಿದೆ. ಆ ವರ್ಷ ಪರಿಸರ ದಿನಕ್ಕೆ ಜೊಮಾಟೊ ಒಂದು ಜಾಹೀರಾತು ಬಿಟ್ಟಿತ್ತು. ಪ್ಲಾಸ್ಟಿಕ್ ಕಸವನ್ನು ಮರುಬಳಕೆ ಮಾಡುತ್ತೇವೆ ಅಂತ ಹೇಳುವುದು ಅವರ ಉದ್ದೇಶ. 'ಲಗಾನ್' ಸಿನಿಮಾದಲ್ಲಿ ದಲಿತ ಪಾತ್ರ ಕಚ್ರಾ ಆಗಿದ್ದ ನಟನನ್ನೇ ತಂದು ದೀಪ, ಹೂಕುಂಡದಂಥ ಸಾಮಾನಾಗಿ ಕೂರಿಸಿದರು. ಹಿಂದಿಯಲ್ಲಿ ಕಚ್ರಾ ಅಂದರೆ ಕಸ, ಅಷ್ಟೇ ಜೋಕು ಅಂದುಕೊಂಡಿರಬೇಕು. ನೋಡಿದವರಿಗೆ ಕಂಡದ್ದು ದಲಿತ ಮನುಷ್ಯನನ್ನು ಕಸ ಮಾಡಿದ್ದು. ಜಾಹೀರಾತನ್ನು ವಾಪಸ್ ತೆಗೆದುಕೊಂಡರು, ರಾಷ್ಟ್ರೀಯ ಪರಿಶಿಷ್ಟ ಜಾತಿಗಳ ಆಯೋಗದಿಂದ ನೋಟಿಸೂ ಬಂತು. ಅಷ್ಟು ದೊಡ್ಡ ಕಂಪನಿಯಲ್ಲಿ ಎಷ್ಟು ಮೇಜು ದಾಟಿ ಹೋಗಿರಬೇಡ ಆ ಸ್ಕ್ರಿಪ್ಟು!

ಈಗ ಮಲ್ಲವ್ವ. ಜೋಕು ಯಾರ ಮೇಲೆ ನಿಂತಿದೆ ಅಂತ ತಿಳಿಯಲು ಒಂದು ಕೆಲಸ ಮಾಡಿ. ಪಾತ್ರ ಬದಲಿಸಿ, ಸಾಲು ಹಾಗೇ ಇಡಿ. ಮೈಸೂರಿನ ನಿವೃತ್ತ ಹೆಡ್‌ಮಾಸ್ಟರರೊಬ್ಬರು ಪೇಪರ್ ಮಡಚಿಟ್ಟು, ಮೊಮ್ಮಗನಿಗೆ "ಆ್ಯಪಾ? ಯಾರಿಗಪ್ಪಾ ಆಪತ್ತು?" ಅಂತ ಕೇಳಲಿ. ನಗು ಬರುತ್ತೆ, ಅಲ್ವಾ? ಆದರೆ ಅದು ಬೇರೆ ನಗು. ಮಾಸ್ತರರು ಗೊತ್ತಿದ್ದೇ ಕೀಟಲೆ ಮಾಡುತ್ತಿದ್ದಾರೆ, ನಾವು ಅವರ ಜೊತೆ ನಗುತ್ತೇವೆ. ಮಲ್ಲವ್ವನಿಗೆ ಗೊತ್ತಿಲ್ಲ ಅನ್ನುವುದೇ ಅಲ್ಲಿ ಜೋಕು, ಅವಳನ್ನು ನೋಡಿ ನಗುತ್ತೇವೆ. ನಿಜ ಹೇಳಬೇಕೆಂದರೆ, ಬೆಂಗಳೂರಲ್ಲಿ ನಾಲ್ಕು ಮನೆ ಕೆಲಸ ಮಾಡುವ ಹೆಂಗಸು ಸಂಬಳವನ್ನೇ ಫೋನಿನಲ್ಲಿ ಹಾಕಿಸಿಕೊಳ್ಳುತ್ತಾಳೆ. ಅವಳಿಗೆ ಆ್ಯಪ್ ಗೊತ್ತಿಲ್ಲ ಅಂತ ಬರೆದವರಿಗೇ ಅವಳು ಗೊತ್ತಿಲ್ಲ.

ಹಾಗಂತ ಭಾಷೆಯನ್ನು ಒರೆಸಿ ಹಾಕಬೇಡಿ. ಎಲ್ಲ ಪಾತ್ರಕ್ಕೂ ಬೆಂಗಳೂರಿನ ಟಿವಿ ಕನ್ನಡ ಹೊಲಿಸಿದರೆ ನಿಮ್ಮ ಊರಿನ ಮಾತು ಜಾಹೀರಾತಿನಿಂದಲೇ ಮಾಯ, ಅದೂ ಅನ್ಯಾಯವೇ. ಆ ಮಾತನ್ನು ಯಾರ ಬಾಯಲ್ಲಿ ಇಡುತ್ತೀರಿ ಅನ್ನುವುದು ಮುಖ್ಯ. ಇದಕ್ಕೆ ಮತ್ತೆ ಬರುತ್ತೇನೆ.

ಹೆಂಡತಿಯ ಜೋಕಿನಲ್ಲಿ ಒಂದು ಹಳ್ಳ ಇದೆ, ನೋಡಿಕೊಳ್ಳಿ. ತಕರಾರು ಎತ್ತಿದ ಕೂಡಲೇ ಬಾಸ್ "ಸರಿ, ಗಂಡನ ಕೈಯಲ್ಲೇ ಸುಡಿಸೋಣ" ಅನ್ನುತ್ತಾರೆ. ಇದು ಎಲ್ಲ ಏಜೆನ್ಸಿಗಳ ಮೊದಲ ಮದ್ದು. ಬ್ರಿಟನ್ನಿನಲ್ಲಿ 2019ರ ಜೂನ್‌ನಲ್ಲಿ ಗಂಡಸರೆಂದರೆ ಹೀಗೇ, ಹೆಂಗಸರೆಂದರೆ ಹೀಗೇ ಅನ್ನುವ ಹಾನಿಕರ ಅಚ್ಚುಗಳ ವಿರುದ್ಧ ಜಾಹೀರಾತು ನಿಯಮ ಜಾರಿಗೆ ಬಂತು. ಆಗಸ್ಟಿನಲ್ಲಿ ಮೊದಲು ನಿಷೇಧವಾದ ಎರಡು ಜಾಹೀರಾತುಗಳಲ್ಲಿ ಒಂದು ಫಿಲಡೆಲ್ಫಿಯಾ ಚೀಸ್‌ದು. ಅದರಲ್ಲಿ ಇಬ್ಬರು ಹೊಸ ಅಪ್ಪಂದಿರು ತಿಂಡಿಯ ಮೇಲೆ ಕಣ್ಣಿಟ್ಟು, ಊಟ ಸಾಗುವ ಬೆಲ್ಟಿನ ಮೇಲೆ ಮಕ್ಕಳನ್ನೇ ಬಿಟ್ಟುಬಿಡುತ್ತಾರೆ. ಮಗು ನೋಡಿಕೊಳ್ಳುವುದು ಅಮ್ಮನ ಕೆಲಸ ಅನ್ನುವ ಅಚ್ಚು ಬೇಡ ಅಂತಲೇ ಅಪ್ಪಂದಿರನ್ನು ಹಾಕಿದ್ದೆವು ಅಂತ ಕಂಪನಿ ವಾದಿಸಿತು. ಗಂಡಸರಿಗೆ ಮಗು ನೋಡಿಕೊಳ್ಳಲು ಬರುವುದಿಲ್ಲ ಅಂತ ಇದು ಹೇಳುತ್ತದಲ್ಲ ಎಂದರು ನಿಯಂತ್ರಕರು. ನಿಮ್ಮಲ್ಲೂ ಗಂಡ ಶರ್ಟ್ ಸುಟ್ಟರೆ "ಗಂಡಸರ ಕೈಗೆ ಇಸ್ತ್ರಿ ಕೊಟ್ಟರೆ ಇಷ್ಟೇ" ಎಂದಾಗುತ್ತದೆ. ಅಂದರೆ ಇಸ್ತ್ರಿ ಹೆಂಗಸರದ್ದೇ ಕೆಲಸ. ಸುತ್ತಿ ಸುಳಿದು ಅಲ್ಲಿಗೇ ಬಂದಿರಿ.

ಹಾಗಾದರೆ ನಗು ಎಲ್ಲಿಂದ ಬರಬೇಕು? ನಿಮ್ಮ ಸ್ಕ್ರಿಪ್ಟಿನಲ್ಲೇ ಇದೆ, ಅದನ್ನು ಯಾರೂ ಹೆಕ್ಕಿಲ್ಲ. ಸುಟ್ಟ ಶರ್ಟ್! ಯಾರು ಸುಟ್ಟರು ಅನ್ನುವುದನ್ನು ಬಿಡಿ, ಸುಟ್ಟ ಮೇಲೆ ಏನಾಯಿತು ಅಂತ ನೋಡಿ. ಹೀಗೆ ಬರೆದು ನೋಡಬಹುದು:

ಬೆಳಿಗ್ಗೆ ಗಡಿಬಿಡಿ. ಶರ್ಟಿನ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯ ಆಕಾರದ ಕಂದು ಗುರುತು. ಬೇರೆ ಶರ್ಟಿಲ್ಲ, ಅವತ್ತೇ ದೊಡ್ಡ ಮೀಟಿಂಗು. ಹುಡುಗ ಆಫೀಸಿನಲ್ಲಿ ಗೋಡೆಗೆ ಬೆನ್ನು ಒತ್ತಿಕೊಂಡು ಏಡಿಯ ಹಾಗೆ ಸರಿಯುತ್ತಾನೆ. ಲಿಫ್ಟಿನಲ್ಲಿ ಎಲ್ಲರೂ ಬಾಗಿಲ ಕಡೆ ಮುಖ ಮಾಡಿದರೆ ಇವನೊಬ್ಬ ಜನರ ಕಡೆ. ಮೀಟಿಂಗ್ ಮುಗಿದ ಮೇಲೆ, ಗರ್ಭಗುಡಿಯಿಂದ ದೇವರಿಗೆ ಬೆನ್ನು ತೋರಿಸದೆ ಹಿಂದೆ ಹಿಂದೆ ಬರುತ್ತಾರಲ್ಲ, ಹಾಗೆ ಎಂ.ಡಿ. ಮೇಡಂ ಕೋಣೆಯಿಂದ ಕೈಮುಗಿದು ಹೊರಗೆ ಬರುತ್ತಾನೆ. ಮೇಡಂ ಪಕ್ಕದವರಿಗೆ ಹೇಳುತ್ತಾರೆ: "ಎಷ್ಟ್ ಮರ್ಯಾದಿ ನೋಡ್ರಿ ಈ ಹುಡುಗಂದು! ಇವನ ಪಗಾರ ಜಾಸ್ತಿ ಮಾಡ್ರಿ." ತಿರುಗಿದ ಕೂಡಲೇ ಗುರುತು ಕಾಣುತ್ತದೆ. ಆ್ಯಪ್ ಹೆಸರು ಬರುತ್ತದೆ.

ಈಗ ನಿಮ್ಮ ಭಾಷೆ ಎಂ.ಡಿ. ಕುರ್ಚಿಯಲ್ಲಿ ಕೂತಿದೆ. ತಿಮ್ಮ ಇಲ್ಲ. ಶರ್ಟ್ ಸುಟ್ಟವರು ಗಂಡೋ ಹೆಣ್ಣೋ ಯಾರೂ ಕೇಳುವುದಿಲ್ಲ. ಇದನ್ನೂ ಬದಲಿಸಿ ನೋಡಿ, ಹುಡುಗನ ಬದಲು ಹುಡುಗಿ, ಮೇಡಂ ಬದಲು ಮಂಗಳೂರಿನ ಸರ್. ನಗು ಹಾಗೇ ಉಳಿಯುತ್ತದೆ. ಯಾರನ್ನು ಹಾಕಿದರೂ ನಿಲ್ಲುವ ಜೋಕು ಸನ್ನಿವೇಶದ ಜೋಕು. ಒಬ್ಬರನ್ನು ತೆಗೆದ ಕೂಡಲೇ ಬೀಳುವುದಾದರೆ ಅದು ಅವರ ಬೆನ್ನ ಮೇಲೆ ನಿಂತಿತ್ತು ಅಂತ ಅರ್ಥ. ಆದರೆ ಈ ಬದಲಿಸುವ ಆಟವೊಂದನ್ನೇ ನಂಬಬೇಡಿ, ಚೀಸ್ ಕಂಪನಿ ನಂಬಿ ಕೆಟ್ಟಿತು. ಬದಲಿಸಿದ ಮೇಲೂ "ಇಂಥವರೆಲ್ಲ ಹೀಗೇ" ಅನ್ನುವ ಮಾತು ಉಳಿದಿದೆಯಾ ಅಂತ ಕೇಳಿಕೊಳ್ಳಿ.

ಹೊರಗಿನ ಇಬ್ಬರು ಮೂವರಿಗೆ ಸ್ಕ್ರಿಪ್ಟ್ ಓದಿ ಹೇಳಿ. "ಬೇಜಾರಾಯ್ತಾ?" ಅಂತ ಮಾತ್ರ ಕೇಳಬೇಡಿ, ಎಲ್ಲರೂ "ಛೆ ಛೆ, ಇಲ್ಲ ಬಿಡಿ" ಅನ್ನುತ್ತಾರೆ. "ಇದರಲ್ಲಿ ದಡ್ಡರು ಯಾರು? ಈ ತಿಮ್ಮ ಯಾವ ಜನ ಇರಬಹುದು?" ಅಂತ ಕೇಳಿ. ಥಟ್ಟಂತ ಉತ್ತರ ಬಂದರೆ ಅಲ್ಲೇ ಪೆನ್ನು ಇಡಿ.

ಬಾಸ್ ಹತ್ತಿರ ಏನು ಹೇಳುವುದು? "ನನಗೆ ನೋವಾಯಿತು" ಅಂದರೆ ಮಾತು ನಿಮ್ಮ ಸ್ವಭಾವದ ಮೇಲೆ ತಿರುಗುತ್ತದೆ. ಕೈಯಲ್ಲಿ ಎರಡನೇ ಸ್ಕ್ರಿಪ್ಟ್ ಹಿಡಿದು ಹೋಗಿ. "ಸರ್, ತಿಮ್ಮನ ಭಾಗ ಟಿವಿಗೆ ಹೋಗುವುದು ಕಷ್ಟ" ಅಂತ ಶುರು ಮಾಡಿ. ಜಾತಿಯನ್ನು ಹೀಯಾಳಿಸುವ ಜಾಹೀರಾತು ಕೂಡದು ಅಂತ 1994ರ ಕೇಬಲ್ ಟಿವಿ ನಿಯಮಗಳಲ್ಲೇ ಇದೆ. 1985ರಿಂದ ಇರುವ ಜಾಹೀರಾತು ಮಾನದಂಡ ಮಂಡಳಿ, ನೀವು ಎ.ಎಸ್.ಸಿ.ಐ. ಅನ್ನುವುದು, ಅದರ ಸಂಹಿತೆಯೂ ಜಾತಿ, ಲಿಂಗದ ಹೀಯಾಳಿಕೆಯನ್ನು ಒಪ್ಪುವುದಿಲ್ಲ. ಗಂಡು-ಹೆಣ್ಣಿನ ಅಚ್ಚುಗಳ ಬಗ್ಗೆ 2022ರಲ್ಲಿ ಅವರು ಬೇರೆಯೇ ಮಾರ್ಗಸೂಚಿ ತಂದರು. ದೂರು ಎತ್ತಿಹಿಡಿದರೆ ಬದಲಿಸಿ ಅಥವಾ ತೆಗೆಯಿರಿ ಅನ್ನುತ್ತಾರೆ. ಇವತ್ತು ಸಾಲು ಹೊಡೆದುಹಾಕಲು ಕಾಸೂ ಖರ್ಚಿಲ್ಲ. ಶೂಟಿಂಗ್ ಆದ ಮೇಲೆ ಇದೇ ಬದಲಾವಣೆಗೆ ಕಲಾವಿದರು, ಎಡಿಟಿಂಗ್, ಡಬ್ಬಿಂಗ್ ಎಲ್ಲ ಮತ್ತೆ. ಬಾಸ್‌ಗಳಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಮೂರು ಜೋಕಿನಲ್ಲಿ ಒಂದನ್ನು ಮಾತ್ರ ಬಿಡುತ್ತೇನೆ ಅಂತ ಬಾಸ್ ಅಂದರೆ ತಿಮ್ಮನನ್ನು ಬಿಡಿಸಿ. ಅಷ್ಟಕ್ಕೂ ಒಪ್ಪದಿದ್ದರೆ ಭಾನುವಾರ ರಾತ್ರಿಯೊಳಗೆ ಬಾಸ್‌ಗೂ ಕ್ಲೈಂಟ್ ಸರ್ವಿಸಿಂಗ್‌ನವರಿಗೂ ನಾಲ್ಕು ಸಾಲಿನ ಮೇಲ್ ಹಾಕಿ. ಯಾವ ಭಾಗ, ಯಾಕೆ ತೊಂದರೆ, ಬದಲಿ ಏನು, ಅಷ್ಟೇ. ಕೋಪದ ಮಾತು ಬೇಡ.

ಹೊಸ ಸ್ಕ್ರಿಪ್ಟ್ ಪಾಸಾದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಹಾಳೆಯಲ್ಲಿ ಇಲ್ಲದ್ದು ಡಬ್ಬಿಂಗ್ ಕೋಣೆಯಲ್ಲಿ ಬಂದು ಕೂರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. "ಸ್ವಲ್ಪ ಹಳ್ಳಿ ಟಚ್ ಕೊಡಿ ಮೇಡಂ, ಇನ್ನೂ ಎಳೀರಿ" ಅನ್ನುತ್ತಾರೆ, ಎಂ.ಡಿ. ಮೇಡಂ ಹೋಗಿ ನಾಟಕದ ಗೌಡತಿ ಆಗಿಬಿಡುತ್ತಾಳೆ. ಪಾತ್ರದ ಟಿಪ್ಪಣಿಯಲ್ಲೇ ಬರೆದುಬಿಡಿ: ವಯಸ್ಸು ಐವತ್ತು, ಕಾಟನ್ ಸೀರೆ, ಚುರುಕು, ದಿನಾ ಮಾತಾಡುವ ಧಾಟಿ, ಅಣಕ ಬೇಡ. ದನಿಗೆ ಧಾರವಾಡ, ಬಾಗಲಕೋಟೆ ಕಡೆಯವರನ್ನೇ ಕರೆಸಿ. ಆವತ್ತು ಸ್ಟುಡಿಯೋಗೆ ನೀವೂ ಹೋಗಿ, ಬೇರೆ ಯಾರಿಗೂ ಒಪ್ಪಿಸಬೇಡಿ.