ಜೊತೆಗೆ ಓದಿದ ಗೆಳತಿ ಕೆಎಎಸ್ ಆದಾಗ ಏನಂತ ಬರೆಯೋದು?

"ಒಂದೇ ರೂಮಲ್ಲಿ ಓದಿದ ಗೆಳತಿ ಕೆಎಎಸ್ ಆದಳು, ನನಗೆ ಆಗಲಿಲ್ಲ. ಈಗ ಮಾತೂ ಕಡಿಮೆ. ಒಳಗೆ ಹೊಟ್ಟೆಕಿಚ್ಚು ಇಟ್ಟುಕೊಂಡು ಪ್ರೀತಿಯಿಂದ ರಿಪ್ಲೈ ಮಾಡಿದರೆ ಸುಳ್ಳಾಗಲ್ವಾ? ಇದು ಇಳಿಯೋವರೆಗೂ ಕಾಯಲಾ?"

ಕಾಯಬೇಡಿ. ಇವತ್ತೇ ಬರೆಯಿರಿ.

ನಾನೂ ಧಾರವಾಡದ ಸಪ್ತಾಪುರದಲ್ಲಿ ಪಿಜಿಯಲ್ಲಿದ್ದು ಓದಿದವಳು. ನಾನೂ ನನ್ನ ರೂಮಿನ ಗೆಳತಿಯೂ ಒಂದೇ ನೋಟ್ಸ್ ಹಂಚಿಕೊಂಡಿದ್ದೆವು. ನಾನು ಪ್ರಿಲಿಮ್ಸ್‌ನಲ್ಲೇ ಉಳಿದೆ, ಮನೆಯವರ ಒತ್ತಾಯಕ್ಕೆ ಊರಿಗೆ ಹೋಗಿ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದೆ. ಅವಳು ಅಲ್ಲೇ ಇದ್ದು ಓದಿದಳು. ಫೋನು ಮಾಡೋದು ನಿಧಾನಕ್ಕೆ ನಿಂತುಹೋಯಿತು. ಹಾಗಿರುವಾಗ ಒಂದು ಸಂಜೆ ಆಯ್ಕೆ ಪಟ್ಟಿಯ ಪಿಡಿಎಫ್ ಬಂತು, ಅದರಲ್ಲಿ ಅವಳ ಹೆಸರು. ಸ್ವಲ್ಪ ಹೊತ್ತಿಗೆ ಅವಳದೇ ಮೆಸೇಜು: "ಆತು ನೋಡ."

ನಾನು ಬರೆದದ್ದು ಇಷ್ಟು: "ಕಂಗ್ರಾಟ್ಸ್! ನಿನ್ನ ಕೆಟಗರೀಲಿ ಕಟ್‌ಆಫ್ ಎಷ್ಟಾಯ್ತು?"

ಕೆಪಿಎಸ್‌ಸಿಗೆ ಓದುವವರ ಮಧ್ಯೆ ಇದು ದಿನಾ ಕೇಳುವ ಮಾತು. ಪಟ್ಟಿ ಬಂದರೆ ಎಲ್ಲರೂ ಮೊದಲು ನೋಡೋದು ಅದನ್ನೇ, ಜಿಎಂ ಎಷ್ಟಕ್ಕೆ ನಿಂತಿತು, 2ಎ ಎಷ್ಟಕ್ಕೆ, 3ಬಿ ಎಷ್ಟಕ್ಕೆ. ಆದ್ದರಿಂದ ಸುಮ್ನೆ ಮಾಹಿತಿ ಕೇಳಿದೆ ಅಂತ ನನಗೆ ನಾನೇ ಹೇಳಿಕೊಂಡೆ. ಅದು ಮಾಹಿತಿ ಕೇಳಿದ್ದಾಗಿರಲಿಲ್ಲ. ಅವಳ ಅಂಕಕ್ಕಿಂತ ಅವಳ ಕೆಟಗರಿ ಕೆಲಸ ಮಾಡಿರಬೇಕು ಅನ್ನೋ ಸಮಾಧಾನ ನನಗೆ ಬೇಕಾಗಿತ್ತು. ಆ ಸಮಾಧಾನವನ್ನು ಅವಳ ಬಾಯಿಂದಲೇ, ಅವಳ ಜೀವನದ ದೊಡ್ಡ ದಿನವೇ ಹೊರಡಿಸೋಕೆ ಹೋದೆ. ಆ ಪ್ರಶ್ನೆಯನ್ನು ಅವಳು ಪಿಜಿಯಲ್ಲಿ, ಕೋಚಿಂಗ್‌ನಲ್ಲಿ ಎಷ್ಟು ಜನರಿಂದ ಕೇಳಿ ನೊಂದಿದ್ದಳು ಅಂತ ಪಕ್ಕದ ಮಂಚದಲ್ಲಿದ್ದ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕೇಳಿದೆ. "ನೋಡಿಲ್ಲ" ಅಂತ ಉತ್ತರ ಬಂತು. ಆಮೇಲೆ ಅವಳು ತರಬೇತಿಗೆ ಮೈಸೂರಿನ ಎಟಿಐಗೆ ಹೋದದ್ದು ಬೇರೆಯವರ ಬಾಯಿಂದ ತಿಳಿಯಿತು. ಮದುವೆ ಕರೆಯೋಲೆ ಬಂದದ್ದು ಹಳೆಯ ಬ್ಯಾಚಿನ ಗ್ರೂಪಿಗೆ, ಎಲ್ಲರ ಜೊತೆ ನನಗೂ.

ಈಗ ನಿಮ್ಮ ಪ್ರಶ್ನೆಯ ಬುಡಕ್ಕೇ ನನ್ನ ತಕರಾರಿದೆ. ಹೊಟ್ಟೆಕಿಚ್ಚು ಇದ್ದರೆ ಮೆಸೇಜು ಸುಳ್ಳಾಗುತ್ತೆ ಅಂತೀರಿ. ಸುಳ್ಳು ನುಸುಳೋದು ನಿಮ್ಮ ಬಗ್ಗೆ ಬರೆದಾಗ. "ನನಗೆ ಎಷ್ಟು ಖುಷಿಯಾಯ್ತು ಅಂದ್ರೆ", "ನನಗೆ ಮೊದಲೇ ಗೊತ್ತಿತ್ತು", "ನನಗೇ ಆದಷ್ಟು ಸಂತೋಷ", ಇವೆಲ್ಲ ನಿಮ್ಮ ಬಗ್ಗೆ ಇರುವ ವಾಕ್ಯಗಳು, ಇವತ್ತು ಇವು ನಿಜವಲ್ಲ. ಬರೆಯಬೇಡಿ. ಅವಳ ಬಗ್ಗೆ ಬರೆಯಿರಿ. ಅವಳು ಪಟ್ಟ ಕಷ್ಟ ನೀವು ಕಣ್ಣಾರೆ ಕಂಡದ್ದು, ಅದರಲ್ಲಿ ಸುಳ್ಳಿಗೆ ಜಾಗವೇ ಇಲ್ಲ. ಹೊಟ್ಟೆಕಿಚ್ಚು ಇಷ್ಟು ಚುಚ್ಚೋದೂ ನೀವು ಅಷ್ಟು ಹತ್ತಿರದಿಂದ ನೋಡಿದ್ದಕ್ಕೇ ಅಲ್ವಾ? ಊರಿನ ನೂರು ಜನ "ಹಾರ್ದಿಕ ಅಭಿನಂದನೆಗಳು" ಕಳಿಸ್ತಾರೆ. ಅವಳು ಹೇಗೆ ಓದಿದಳು ಅಂತ ಬರೆಯೋಕೆ ಆಗೋದು ನಿಮಗೆ ಮಾತ್ರ.

ನಾನು ಅವತ್ತು ಬರೆಯಬೇಕಾಗಿದ್ದದ್ದು ಇದು:

"ಲಿಸ್ಟ್‌ನ್ಯಾಗ ನಿನ್ನ ಹೆಸರು ನೋಡಿದೆ. ಪ್ರಬಂಧ ಬರಿಯಾಕ ಬರಂಗಿಲ್ಲ ಅಂತ ಅಳತಿದ್ದಿ. ಆಮ್ಯಾಲೆ ದಿನಾ ಮುಂಜಾನೆ ಟೆರೇಸ್ ಮ್ಯಾಲೆ ಕುಂತು ಗಡಿಯಾರ ಇಟಗೊಂಡು ಬರದಿ. ಅದನ್ನ ನಾ ನೋಡೇನಿ. ಅವ್ವಗ ಹೆಂಗ ಹೇಳಿದಿ? ಏನಂದ್ರು?"

ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಶೆಲ್ಲಿ ಗೇಬಲ್ ಅನ್ನೋ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಗಾರರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಳ್ಳೆ ಸುದ್ದಿ ಹೇಳಿದಾಗ ಆಸಕ್ತಿಯಿಂದ ವಿಚಾರಿಸುವವರ ಸಂಬಂಧ ಚೆನ್ನಾಗಿರುವುದು ಕಂಡಿತ್ತು. ಬರೀ "ಒಳ್ಳೇದಾಯ್ತು" ಅಂತ ತಣ್ಣಗೆ ಮುಗಿಸುವವರ ಸಂಬಂಧದಲ್ಲಿ ಆ ಗಟ್ಟಿತನ ಇರಲಿಲ್ಲ. ಅವರು ನೋಡಿದ್ದು ಪ್ರೇಮಿಗಳನ್ನು, ದಂಪತಿಗಳನ್ನು. ಆದರೂ ಗೆಳೆತನಕ್ಕೂ ಇದು ಹೊಂದುತ್ತೆ ಅಂತ ನನ್ನ ಅನುಭವ ಹೇಳುತ್ತೆ. ಪ್ರಶ್ನೆ ಆ ಗಳಿಗೆಯ ಬಗ್ಗೆ ಇರಲಿ: ಮನೆಯಲ್ಲಿ ಏನಂದ್ರು, ಪಟ್ಟಿ ನೋಡುವಾಗ ಎಲ್ಲಿದ್ದೆ. ಅಂಕ, ರ‍್ಯಾಂಕು, ಕೆಟಗರಿ, ಯಾವ ಹುದ್ದೆ ಸಿಗುತ್ತೆ, ಇವು ಬೇಡ. "ಪಾರ್ಟಿ ಯಾವಾಗ" ಅನ್ನೋದೂ ಬೇಡ, ಮಾತು ಕಡಿಮೆಯಾದವರ ಮಧ್ಯೆ ಅದು ಸಾಲ ವಸೂಲಿ ಥರ ಕೇಳಿಸುತ್ತೆ.

ನಿಮ್ಮ ಹೊಟ್ಟೆಕಿಚ್ಚನ್ನು ಅವಳ ಹತ್ತಿರ ಹೇಳಿಕೊಳ್ಳಲೂ ಹೋಗಬೇಡಿ, ಈಗಂತೂ ಬೇಡ. ಪ್ರಾಮಾಣಿಕತೆ ಅಂತ ಕೆಲವರು ಸಲಹೆ ಕೊಡ್ತಾರೆ. ಹೇಳಿದರೆ ಅವಳು ತನ್ನ ಸಂಭ್ರಮ ಪಕ್ಕಕ್ಕಿಟ್ಟು ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತೆ. ಅದನ್ನು ಅಕ್ಕನ ಹತ್ತಿರವೋ ಬೇರೆ ಗೆಳತಿಯ ಹತ್ತಿರವೋ ಅತ್ತು ಮುಗಿಸಿ.

ಮೆಸೇಜು ಕಳಿಸಿದ ಮೇಲೆ ಒಂದು ತಿಂಗಳು ಶಾಲು, ಹಾರ, ಸನ್ಮಾನದ ಫೋಟೊ ಸ್ಟೇಟಸ್‌ನಲ್ಲಿ ಬರ್ತಾನೇ ಇರುತ್ತೆ. ಸ್ಟೇಟಸ್ ಮ್ಯೂಟ್ ಮಾಡಿ, ಅವಳಿಗೆ ಗೊತ್ತಾಗಲ್ಲ. ಆದರೆ ಅವಳೇ ಫೋನ್ ಮಾಡಿದರೆ ತಪ್ಪದೆ ಎತ್ತಿ.