ಡಿಲೇ ಮಾರ್ಜಿನ್: ಡಿಗ್ರಿಯನ್ನು ರೇಡಿಯನ್ ಮಾಡಿ ನೋಡಿ

> "ಮೋಟರ್ ಸ್ಪೀಡ್ ಲೂಪ್. ಗೇನ್ ಕ್ರಾಸ್‌ಓವರ್ ಸೆಕೆಂಡಿಗೆ 20 ರೇಡಿಯನ್, ಫೇಸ್ ಮಾರ್ಜಿನ್ 45 ಡಿಗ್ರಿ. 45/20 ಅಂದ್ರೆ 2.25 ಸೆಕೆಂಡ್ ತಡ ತಡೆಯಬೇಕಲ್ವಾ? ಸಿಮ್ಯುಲೇಶನ್‌ನಲ್ಲಿ 50 ಮಿಲಿಸೆಕೆಂಡಿಗೇ ಲೂಪ್ ಕೈ ಬಿಟ್ಟು ಹೋಗ್ತಿದೆ."

ನಿಮ್ಮ ಸಿಮ್ಯುಲೇಶನ್ ಸರಿಯಾಗಿದೆ. ಕ್ರಾಸ್‌ಓವರ್ ರೇಡಿಯನ್‌ನಲ್ಲಿದೆ, ಮಾರ್ಜಿನ್ ಡಿಗ್ರಿಯಲ್ಲಿದೆ. ಎರಡನ್ನೂ ಹಾಗೇ ಭಾಗಿಸಬಾರದು.

```
PM = 45*pi/180 = 0.785 rad
Td = 0.785/20 = 0.039 s
```

ಅಂದರೆ ಸುಮಾರು 39 ಮಿಲಿಸೆಕೆಂಡ್. 50 ಅದನ್ನು ದಾಟುತ್ತದೆ.

ಯಾಕೆ ಹೀಗೆ ಅಂದರೆ, ತಡ ಗೇನನ್ನು ಮುಟ್ಟುವುದಿಲ್ಲ. ಹಾಗಾಗಿ ಕ್ರಾಸ್‌ಓವರ್ ಅಲ್ಲೇ ಇರುತ್ತದೆ, ಫೇಸ್ ಮಾತ್ರ ಇಳಿಯುತ್ತದೆ. ಆ ಆವರ್ತನದಲ್ಲಿ ಒಂದು ಸುತ್ತಿಗೆ 0.314 ಸೆಕೆಂಡ್ ಬೇಕು. 45 ಡಿಗ್ರಿ ಅಂದರೆ ಸುತ್ತಿನ ಎಂಟನೇ ಒಂದು ಭಾಗ. ಅದೂ 39 ಮಿಲಿಸೆಕೆಂಡೇ. ನನಗೆ ಸೂತ್ರಕ್ಕಿಂತ ಈ ಲೆಕ್ಕವೇ ಇಷ್ಟ, ಯೂನಿಟ್ ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ.

ಈಗ ಸಿಮ್ಯುಲೇಶನ್‌ನಲ್ಲಿ ತಡವನ್ನು 39ರ ಹತ್ತಿರ ಇಟ್ಟು ನೋಡಿ. ಸ್ಪೀಡ್ ಸುಮಾರು 0.31 ಸೆಕೆಂಡಿಗೊಮ್ಮೆ ಒಂದೇ ಸಮನೆ ಓಲಾಡಬೇಕು. ಅದಕ್ಕಿಂತ ಮೊದಲೇ, ಜಾಸ್ತಿ ವೇಗದಲ್ಲಿ ನಡುಗಿದರೆ ಗೇನ್ ಇನ್ನೊಂದು ಕಡೆಯೂ ಒಂದನ್ನು ದಾಟುತ್ತಿದೆ ಎಂದರ್ಥ. ಶಾಫ್ಟ್ ಕಪ್ಲಿಂಗ್‌ನ ಅನುರಣನದಿಂದ ಹೀಗಾಗುವುದುಂಟು. ಉದಾಹರಣೆಗೆ ಸೆಕೆಂಡಿಗೆ 200 ರೇಡಿಯನ್‌ನಲ್ಲಿ ಮಾರ್ಜಿನ್ 120 ಡಿಗ್ರಿ ಇದ್ದರೂ ಅಲ್ಲಿ ಸಿಗುವುದು 10.5 ಮಿಲಿಸೆಕೆಂಡ್ ಮಾತ್ರ. ಪ್ರತಿ ಕ್ರಾಸ್‌ಓವರಿಗೂ ಲೆಕ್ಕ ಹಾಕಿ, ಎಲ್ಲಕ್ಕಿಂತ ಚಿಕ್ಕದನ್ನು ತಗೊಳ್ಳಿ.

ಕಂಟ್ರೋಲರ್ ಡಿಜಿಟಲ್ ಆಗಿದ್ದು ಬೋಡೆ ಪ್ಲಾಟ್‌ನಲ್ಲಿ ಸ್ಯಾಂಪ್ಲಿಂಗ್ ಸೇರಿಸಿಲ್ಲವಾದರೆ, ಹೋಲ್ಡ್‌ಗೆ ಸುಮಾರು ಅರ್ಧ ಸ್ಯಾಂಪಲ್, ಲೆಕ್ಕಾಚಾರಕ್ಕೆ ಒಂದು ಸ್ಯಾಂಪಲ್ ಹೋಗುತ್ತದೆ. 10 ಮಿಲಿಸೆಕೆಂಡ್ ಸ್ಯಾಂಪ್ಲಿಂಗ್ ಆದರೆ 39ರಲ್ಲಿ 15 ಅಲ್ಲೇ ಖರ್ಚು, ಉಳಿಯುವುದು 24.