ಆಪ್ತಸಲಹೆ ಪ್ರಕರಣ: ‘ತಂಗಿಗೆ ಒಂದೇ ಔಷಧಿ, ನನಗ್ಯಾಕೆ ಎರಡು?’

ಇವರನ್ನು ಸರೋಜಕ್ಕ ಅಂತ ಕರೆಯೋಣ. ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು ಮತ್ತು ಗುರುತು ಸಿಗುವಂಥ ವಿವರ ಬದಲಿಸಿದ್ದೇನೆ. ವಯಸ್ಸು 52. ಚಿಕ್ಕಮಗಳೂರಿನ ಹತ್ತಿರ ಸಣ್ಣ ಕಾಫಿ ತೋಟ, ಮನೆಯಲ್ಲಿ ಗಂಡ, ಮಗ, ಸೊಸೆ, ಎರಡು ವರ್ಷದ ಮೊಮ್ಮಗ. ಮುಟ್ಟು ನಿಂತು ಒಂದೂವರೆ ವರ್ಷ ಆಗಿದ್ದಾಗ ಹಾರ್ಮೋನ್ ಚಿಕಿತ್ಸೆ ಶುರುವಾಗಿತ್ತು. ಎಂಟು ತಿಂಗಳ ಮೇಲೆ ನನ್ನ ಹತ್ತಿರ ಬಂದಾಗ ಅವರ ಮಾತು ಹೀಗಿತ್ತು: “ಮೇಡಂ, ನಂಗೆ ಮತ್ತೆ ಮುಟ್ಟು ಶುರುವಾಗಿದೆ. ಔಷಧಿ ಚೆನ್ನಾಗಿ ಕೆಲಸ ಮಾಡ್ತಿದೆ ಅಲ್ವಾ?”

ಎರಡು ತಿಂಗಳಿಂದ ಆಗಾಗ ರಕ್ತ ಕಾಣಿಸುತ್ತಿತ್ತು. ಒಮ್ಮೆ ನಾಲ್ಕು ದಿನ, ಒಮ್ಮೆ ಹತ್ತು ದಿನ. ಮನೆಯವರಿಗೆ ಹೇಳಿರಲಿಲ್ಲ. ಡಾಕ್ಟರಿಗೂ ಹೇಳಿರಲಿಲ್ಲ. ದೇಹಕ್ಕೆ ಶಕ್ತಿ ಬಂದಿದೆ, ಅದಕ್ಕೇ ಮುಟ್ಟು ಮರಳಿದೆ ಅಂದುಕೊಂಡು ಒಳಗೊಳಗೇ ಸಮಾಧಾನ ಪಟ್ಟಿದ್ದರು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಬರುವ ರಕ್ತ ಮುಟ್ಟಲ್ಲ. ಅದಕ್ಕೆ ಕಾರಣ ಹುಡುಕಲೇಬೇಕು. ಮೊದಲು ಇಷ್ಟನ್ನು ಹೇಳಿ, ಅವತ್ತೇ ಸ್ತ್ರೀರೋಗ ತಜ್ಞರ ಹತ್ತಿರ ಕಳಿಸಿದೆ. ಉಳಿದ ಮಾತೆಲ್ಲ ಆಮೇಲೆ.

ಅವರಿಗೆ ಬರೆದುಕೊಟ್ಟಿದ್ದು ಎರಡು ಔಷಧಿ. ಒಂದು ಈಸ್ಟ್ರೊಜೆನ್ ಜೆಲ್, ದಿನಕ್ಕೆ 2.5 ಗ್ರಾಂ. ಅದರಲ್ಲಿ 1.5 ಮಿಲಿಗ್ರಾಂ ಈಸ್ಟ್ರಡಯಾಲ್ ಇರುತ್ತದೆ. ಇನ್ನೊಂದು ಪ್ರೊಜೆಸ್ಟರಾನ್ ಕ್ಯಾಪ್ಸೂಲ್, ದಿನವೂ 100 ಮಿಲಿಗ್ರಾಂ. ಜೆಲ್ ಹಚ್ಚಲು ಶುರು ಮಾಡಿದ ಕೆಲವೇ ವಾರಕ್ಕೆ ರಾತ್ರಿ ಮೈಯೆಲ್ಲ ಕೆಂಡದ ಹಾಗಾಗಿ, ನೈಟಿ ಒದ್ದೆಯಾಗಿ ಏಳುವುದು ನಿಂತಿತು. ಹಾಗಾಗಿ ಜೆಲ್ ಮೇಲೆ ಅವರಿಗೆ ಪೂರ್ತಿ ನಂಬಿಕೆ. ಕ್ಯಾಪ್ಸೂಲಿನಿಂದ ಮಾತ್ರ ಏನೂ ಉಪಯೋಗ ಕಾಣಲಿಲ್ಲ, ಸುಮ್ನೆ ತಲೆ ತಿರುಗುತ್ತಿತ್ತು. ಯಾವಾಗ ನುಂಗುತ್ತಿದ್ದಿರಿ ಅಂತ ಕೇಳಿದೆ. ಬೆಳಿಗ್ಗೆ ರೊಟ್ಟಿ ತಿಂದು, ಬಿಪಿ ಮಾತ್ರೆ ಜೊತೆಗೇ. ಆಮೇಲೆ ತೋಟಕ್ಕೆ ಹೋದರೆ ಕಣ್ಣು ಎಳೆಯೋದು, ಕಾಲು ತಡವರಿಸೋದು. ಮೂರು ವಾರ ನೋಡಿ ಬಿಟ್ಟುಬಿಟ್ಟರು.

ಬಿಡಲು ಧೈರ್ಯ ಕೊಟ್ಟಿದ್ದು ಹಾಸನದಲ್ಲಿರುವ ತಂಗಿ. ಆಕೆಗೂ ಹಾರ್ಮೋನ್ ಚಿಕಿತ್ಸೆ ನಡೆಯುತ್ತಿದೆ. ದಿನಕ್ಕೆ ಒಂದು ಈಸ್ಟ್ರೊಜೆನ್ ಮಾತ್ರೆ, ಅಷ್ಟೇ. “ನಂಗೇನೂ ಕ್ಯಾಪ್ಸೂಲ್ ಕೊಟ್ಟಿಲ್ಲ ಕಣೇ, ನಿಂಗೆ ಸುಮ್ನೆ ಬರೆದಿದ್ದಾರೆ” ಅಂದಳಂತೆ. ತಂಗಿಗೆ ಕೆಲವು ವರ್ಷಗಳ ಹಿಂದೆ ಗರ್ಭಕೋಶ ತೆಗೆಸಿದೆ. ಅಕ್ಕನಿಗೆ ಗರ್ಭಕೋಶ ಇದೆ. ತಂಗಿಗೆ ಒಂದು, ಅಕ್ಕನಿಗೆ ಎರಡು ಔಷಧಿ ಬರೆದಿದ್ದು ಇದೊಂದೇ ಕಾರಣಕ್ಕೆ. ಇದನ್ನು ಆ ಇಬ್ಬರಿಗೂ ಯಾರೂ ಬಿಡಿಸಿ ಹೇಳಿರಲಿಲ್ಲ.

ಸರೋಜಕ್ಕನಿಗೆ ನಾನು ಹೇಳಿದ್ದು ಇಷ್ಟು. ಮೈ ಬಿಸಿಯಾಗುವುದು, ಬೆವರು, ನಿದ್ದೆಗೇಡು ಇವಕ್ಕೆಲ್ಲ ಕೆಲಸ ಮಾಡುವುದು ಈಸ್ಟ್ರೊಜೆನ್. ಆದರೆ ಅದು ಮೈಯೊಳಗೆ ಹೋದ ಮೇಲೆ ಗರ್ಭಕೋಶವನ್ನೂ ತಲುಪುತ್ತದೆ. ಅಲ್ಲಿನ ಒಳಪದರಕ್ಕೆ ‘ಬೆಳೆ’ ಅಂತ ಹೇಳುವುದೇ ಈಸ್ಟ್ರೊಜೆನ್. ಮುಟ್ಟಾಗುವ ವಯಸ್ಸಿನಲ್ಲಿ ತಿಂಗಳ ಮೊದಲರ್ಧ ಪದರ ಹೀಗೇ ಬೆಳೆಯುತ್ತದೆ. ಅಂಡಾಣು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಬಂದು ಆ ಬೆಳವಣಿಗೆಯನ್ನು ತಡೆದು ಪದರವನ್ನು ಮಾಗಿಸುತ್ತದೆ. ಅದು ಇಳಿದಾಗ ಪದರ ಕಳಚಿ ಮುಟ್ಟಾಗುತ್ತದೆ. ಮುಟ್ಟು ನಿಂತ ಮೇಲೆ ಅಂಡಾಶಯದಿಂದ ಪ್ರೊಜೆಸ್ಟರಾನ್ ಬರುವುದೇ ಇಲ್ಲ. ಆಗ ನಾವು ಹೊರಗಿನಿಂದ ಬರೀ ಈಸ್ಟ್ರೊಜೆನ್ ಕೊಟ್ಟರೆ ‘ಬೆಳೆ’ ಅನ್ನುವವರು ಇದ್ದಾರೆ, ‘ಸಾಕು’ ಅನ್ನುವವರು ಇಲ್ಲ. ಪದರ ದಪ್ಪವಾಗುತ್ತದೆ, ಅಲ್ಲಲ್ಲಿ ಕಳಚಿ ರಕ್ತ ಬರುತ್ತದೆ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಕ್ಯಾನ್ಸರ್‌ಗೂ ತಿರುಗಬಹುದು.

“ಗೊಬ್ಬರ ಹಾಕಿ ಚಿಗುರು ತೆಗೀದೇ ಬಿಟ್ಟಂಗೆ ಅನ್ನಿ” ಅಂದರು ಸರೋಜಕ್ಕ. ಕಾಫಿ ಗಿಡದ ಜೊತೆ ಬದುಕಿದವರು, ಅವರಿಗೆ ಅದೇ ಹೊಳೆಯಿತು. ಹೌದು, ಹಾಗೇ.

ಇದು ಊಹೆಯ ಮಾತಲ್ಲ. ಅಮೆರಿಕದಲ್ಲಿ ಒಂದು ಕಾಲಕ್ಕೆ ಗರ್ಭಕೋಶ ಇದ್ದವರಿಗೂ ಬರೀ ಈಸ್ಟ್ರೊಜೆನ್ ಮಾತ್ರೆ ಕೊಡುತ್ತಿದ್ದರು. 1975ರಲ್ಲಿ ಬಂದ ಅಧ್ಯಯನಗಳು, ಅಂಥವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಎಷ್ಟೋ ಪಟ್ಟು ಜಾಸ್ತಿ ಎಂದು ತೋರಿಸಿದವು. 1990ರ ದಶಕದಲ್ಲಿ ಬಂದ ಪೆಪಿ ಎಂಬ ಇನ್ನೊಂದು ಅಧ್ಯಯನದಲ್ಲಿ, ಮೂರು ವರ್ಷ ಬರೀ ಈಸ್ಟ್ರೊಜೆನ್ ತೆಗೆದುಕೊಂಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಒಂದಲ್ಲ ಒಂದು ಮಟ್ಟದಲ್ಲಿ ಪದರ ಮಿತಿಮೀರಿ ಬೆಳೆದಿತ್ತು. ಪ್ರೊಜೆಸ್ಟರಾನ್ ಜೊತೆಗೆ ತೆಗೆದುಕೊಂಡವರಲ್ಲಿ ಆ ಕಾಟ ಇರಲಿಲ್ಲ. ಕ್ಯಾಪ್ಸೂಲಿನಿಂದ ಏನೂ ಉಪಯೋಗ ಕಾಣುವುದಿಲ್ಲ ಅನ್ನುವ ಸರೋಜಕ್ಕನ ಮಾತು ನಿಜವೇ. ಅದರ ಕೆಲಸ ಕಣ್ಣಿಗೆ ಕಾಣುವುದಿಲ್ಲ, ಮೈಗೂ ತಿಳಿಯುವುದಿಲ್ಲ.

ಇಲ್ಲಿ ಅವರು ಒಳ್ಳೆಯ ಪ್ರಶ್ನೆ ಕೇಳಿದರು. “ನಾನು ಮಾತ್ರೆ ನುಂಗಿಲ್ಲವಲ್ಲ, ಕೈಗೆ ಹಚ್ಚಿದ್ದು. ಅದು ಗರ್ಭಕೋಶಕ್ಕೆ ಹೇಗೆ ಹೋಗುತ್ತೆ?” ತುಂಬಾ ಜನ ಹೀಗೇ ಅಂದುಕೊಂಡಿರುತ್ತಾರೆ. ಜೆಲ್ ನೋವಿಗೆ ಹಚ್ಚುವ ಮುಲಾಮಿನಂತೆ ಅಲ್ಲ. ಚರ್ಮದ ಮೂಲಕ ರಕ್ತಕ್ಕೆ ಸೇರಿ ಇಡೀ ಮೈಗೆ ಹೋಗುತ್ತದೆ. ಚರ್ಮಕ್ಕೆ ಅಂಟಿಸುವ ಪ್ಯಾಚ್ ಕೂಡ ಹಾಗೇ. ಮಾತ್ರೆ, ಪ್ಯಾಚ್, ಜೆಲ್ ಯಾವುದೇ ಇರಲಿ, ಗರ್ಭಕೋಶ ಇದ್ದರೆ ಪ್ರೊಜೆಸ್ಟರಾನ್ ಬೇಕೇ ಬೇಕು. ಯೋನಿ ಒಣಗುವುದಕ್ಕೆ ಅಲ್ಲಿಗಷ್ಟೇ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೊಜೆನ್ ಕ್ರೀಮ್ ಬೇರೆ. ಅದು ರಕ್ತಕ್ಕೆ ಹೋಗುವುದು ತೀರಾ ಕಮ್ಮಿ, ಅದಕ್ಕೆ ಸಾಮಾನ್ಯವಾಗಿ ಪ್ರೊಜೆಸ್ಟರಾನ್ ಸೇರಿಸುವುದಿಲ್ಲ.

ಹಾಗಾದರೆ ತಂಗಿಗೆ ಮಾತ್ರೆ, ಇವರಿಗೆ ಜೆಲ್ ಯಾಕೆ? ಮಾತ್ರೆ ನುಂಗಿದರೆ ಹಾರ್ಮೋನ್ ಹೊಟ್ಟೆಯಿಂದ ಮೊದಲು ಲಿವರ್‌ಗೆ ಹೋಗುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಕೆಲವು ಅಂಶಗಳು ಜಾಸ್ತಿಯಾಗುತ್ತವೆ. ಚರ್ಮದಿಂದ ಹೋದರೆ ಲಿವರ್ ಮೇಲೆ ಆ ಮೊದಲ ಹೊಡೆತ ಬೀಳುವುದಿಲ್ಲ. ಮಾಮೂಲಿ ಪ್ರಮಾಣದ ಜೆಲ್, ಪ್ಯಾಚ್‌ಗಳಲ್ಲಿ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯ ಏರಿದ್ದು ಕಂಡಿಲ್ಲ. ಸರೋಜಕ್ಕನಿಗೆ ತೂಕ ಜಾಸ್ತಿ, ಬಿಪಿ ಬೇರೆ ಇದೆ. ಅದಕ್ಕೇ ಡಾಕ್ಟರು ಮಾತ್ರೆ ಬೇಡ ಅಂದಿದ್ದರು. ಪ್ಯಾಚ್ ಆದರೆ ವಾರಕ್ಕೆ ಎರಡು ಸಲ ಬದಲಿಸಿದರೆ ಸಾಕು, ಸೊಂಟದಿಂದ ಕೆಳಗೆ ಅಂಟಿಸಬೇಕು, ಪ್ರತಿ ಸಲ ಜಾಗ ಬದಲಿಸಬೇಕು. ಆದರೆ ಎಲ್ಲ ಮೆಡಿಕಲ್‌ನಲ್ಲೂ ಇಟ್ಟಿರುವುದಿಲ್ಲ. ಇವರ ಬೆವರಿಗೆ ಅಂಚು ಏಳುವ ಭಯವೂ ಇತ್ತು. ಹಾಗಾಗಿ ಜೆಲ್.

ಸ್ಕ್ಯಾನ್‌ನಲ್ಲಿ ಒಳಪದರ 13 ಮಿಲಿಮೀಟರ್ ಬಂತು. ಮುಟ್ಟು ನಿಂತವರಲ್ಲಿ ರಕ್ತ ಬಂದು, ಪದರ 4-5 ಮಿಲಿಮೀಟರ್‌ಗಿಂತ ದಪ್ಪ ಇದ್ದರೆ ತುಣುಕು ತೆಗೆದು ನೋಡುತ್ತಾರೆ. ಸಣ್ಣ ಕೊಳವೆ ಹಾಕಿ ಬಯಾಪ್ಸಿ ಮಾಡಿದರು. ಫಲಿತಾಂಶ ಬರುವ ತನಕ ಜೆಲ್ ನಿಲ್ಲಿಸಿದರು. ಆ ದಿನಗಳು ಅವರಿಗೆ ಕಷ್ಟವಾದವು. “ನನ್ನ ಕೈಯಾರೆ ಕ್ಯಾನ್ಸರ್ ತಂದ್ಕೊಂಡ್ನಾ ಮೇಡಂ?” ಅಂತ ಫೋನಿನಲ್ಲಿ ಅತ್ತರು. ರಿಪೋರ್ಟ್ ಬರದೆ ಇಲ್ಲ ಅನ್ನಲು ನನಗೆ ಹಕ್ಕಿಲ್ಲ. ಇಷ್ಟು ಬೇಗ ತೋರಿಸಿದ್ದು ಒಳ್ಳೆಯದಾಯಿತು, ಇಂಥ ರಕ್ತಕ್ಕೆ ಹೆಚ್ಚಾಗಿ ಕ್ಯಾನ್ಸರ್ ಅಲ್ಲದ ಕಾರಣವೇ ಇರುತ್ತದೆ ಅಂತ ಮಾತ್ರ ಹೇಳಿದೆ. ರಿಪೋರ್ಟ್‌ನಲ್ಲಿ ಪದರ ಮಿತಿಮೀರಿ ಬೆಳೆದಿದೆ, ಆದರೆ ಜೀವಕೋಶಗಳ ರೂಪ ಕೆಟ್ಟಿಲ್ಲ ಎಂದಿತ್ತು. ಈ ಬಗೆಯದು 20 ವರ್ಷದಲ್ಲಿ ಕ್ಯಾನ್ಸರ್ ಆಗುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಮ್ಮಿ. ಪ್ರೊಜೆಸ್ಟರಾನ್ ಬಗೆಯ ಔಷಧಿಗೆ ಚೆನ್ನಾಗಿ ಬಗ್ಗುತ್ತದೆ.

ಡಾಕ್ಟರು ಹೇಳಿದ ದಾರಿ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ವಂಕಿ. ಸರೋಜಕ್ಕ ಹೌಹಾರಿದರು. “ಈ ವಯಸ್ಸಲ್ಲಿ ವಂಕಿನಾ? ಸೊಸೆಗೆ ಗೊತ್ತಾದರೆ ಏನಂದ್ಕೋತಾಳೆ?” ಇದರ ಮೇಲೆ ನಾವು ತುಂಬಾ ಹೊತ್ತು ಮಾತಾಡಿದೆವು. ಇದು ಮಕ್ಕಳಾಗದಂತೆ ಹಾಕುವ ತಾಮ್ರದ ವಂಕಿ ಅಲ್ಲ. ಇದರಲ್ಲಿ 52 ಮಿಲಿಗ್ರಾಂ ಲಿವೊನಾರ್ಜೆಸ್ಟ್ರೆಲ್ ಇರುತ್ತದೆ. ಪ್ರೊಜೆಸ್ಟರಾನ್ ಗುಂಪಿನದೇ. ಅದು ದಿನವೂ ಚೂರು ಚೂರಾಗಿ ಒಳಪದರದ ಮೇಲೇ ಬೀಳುತ್ತದೆ. ಈಗ ಬೆಳೆದಿರುವುದನ್ನು ತಗ್ಗಿಸುತ್ತದೆ. ಆಮೇಲೆ ಜೆಲ್ ಮತ್ತೆ ಶುರು ಮಾಡಿದಾಗ ಕಾವಲಿಗೂ ಇದೇ ಸಾಕು, ಐದು ವರ್ಷ. ಕ್ಯಾಪ್ಸೂಲ್ ನೆನಪಿಡುವ ಗೋಜಿಲ್ಲ, ತೂಕಡಿಕೆ ಇಲ್ಲ. ಮೊದಲ ಕೆಲವು ತಿಂಗಳು ಚುಕ್ಕೆ ಚುಕ್ಕೆಯಾಗಿ ರಕ್ತ ಕಾಣಬಹುದು. ಸೊಸೆಗೆ ಹೇಳುವುದು, ಬಿಡುವುದು ಅವರಿಗೇ ಬಿಟ್ಟಿದ್ದು. ಕೊನೆಗೆ ಅವರೇ ಹೇಳಿಕೊಂಡರು, ಹಾಕಿಸಲು ಜೊತೆಗೆ ಬಂದಿದ್ದೂ ಸೊಸೆಯೇ.

ಕ್ಯಾಪ್ಸೂಲನ್ನೇ ಮುಂದುವರಿಸುವವರಿಗೆ ನಾನು ಹೇಳುವುದು ಬೇರೆ. ಈ ಪ್ರೊಜೆಸ್ಟರಾನ್ ನಿದ್ದೆ ತರಿಸುತ್ತದೆ. ಆದ್ದರಿಂದ ಹಾಸಿಗೆಗೆ ಹೋಗುವಾಗ ನುಂಗಿ. ಹೊಟ್ಟೆ ತುಂಬಾ ಊಟ ಮಾಡಿದ ತಕ್ಷಣ ಬೇಡ, ಊಟದ ಜೊತೆ ಅದು ಜಾಸ್ತಿ ಹೀರಿಕೊಂಡು ಮಂಪರು ಹೆಚ್ಚುತ್ತದೆ. ಸರೋಜಕ್ಕನಿಗೆ ತೋಟದಲ್ಲಿ ಕಾಡಿದ ತೂಕಡಿಕೆಯೇ ರಾತ್ರಿಯಾಗಿದ್ದರೆ ಉಪಕಾರವಾಗುತ್ತಿತ್ತು. ಮುಟ್ಟು ನಿಂತು ವರ್ಷ ಆಗದವರಿಗೆ ದಿನವೂ 100ರ ಬದಲು ತಿಂಗಳಿಗೆ 12ರಿಂದ 14 ದಿನ 200 ಮಿಲಿಗ್ರಾಂ ಕೊಡುವುದುಂಟು. ಅವರಿಗೆ ಆ ದಿನಗಳು ಮುಗಿದ ಮೇಲೆ ಮುಟ್ಟಿನ ಹಾಗೆ ರಕ್ತ ಬರುತ್ತದೆ, ಅದು ಲೆಕ್ಕದ್ದೇ. ದಿನವೂ ಎರಡನ್ನೂ ತೆಗೆದುಕೊಳ್ಳುವವರಿಗೆ ಮೊದಲ ಮೂರರಿಂದ ಆರು ತಿಂಗಳು ಆಗಾಗ ಕಾಣಬಹುದು. ಆರು ತಿಂಗಳು ದಾಟಿಯೂ ಬಂದರೆ, ಜಾಸ್ತಿಯಾದರೆ, ಅಥವಾ ಪೂರ್ತಿ ನಿಂತು ಮತ್ತೆ ಶುರುವಾದರೆ ತೋರಿಸಲೇಬೇಕು. ಕ್ಯಾಪ್ಸೂಲ್ ಒಗ್ಗದಿದ್ದರೆ ಡಾಕ್ಟರಿಗೆ ಹೇಳಿ, ಬೇರೆ ಬಗೆ ಸಿಗುತ್ತದೆ. ಅಲ್ಲಿಯವರೆಗೆ ಜೆಲ್ ಒಂದನ್ನೇ ಹಚ್ಚುತ್ತಾ ಕೂರಬೇಡಿ.

ಜೆಲ್ ಹಚ್ಚುವ ರೀತಿಯನ್ನೂ ತೋರಿಸಿಕೊಟ್ಟೆ. ಸರೋಜಕ್ಕ ಅದನ್ನು ಬೆಳಿಗ್ಗೆ ಹಚ್ಚಿಕೊಂಡು ಒಲೆ ಮುಂದೆ ನಿಲ್ಲುತ್ತಿದ್ದರು, ಮೊಮ್ಮಗನನ್ನೂ ಎತ್ತಿಕೊಳ್ಳುತ್ತಿದ್ದರು. ಜೆಲ್‌ನಲ್ಲಿ ಆಲ್ಕೋಹಾಲ್ ಇರುತ್ತದೆ, ಪೂರ್ತಿ ಒಣಗುವ ತನಕ ಬೆಂಕಿ ಹತ್ತಿರ ಹೋಗಬಾರದು. ಸ್ನಾನ ಆದ ಮೇಲೆ ತೋಳಿಗೆ ಅಥವಾ ತೊಡೆಗೆ ತೆಳ್ಳಗೆ ಹರಡಿ, ಒಣಗಿದ ಮೇಲೆ ಬಟ್ಟೆ ಹಾಕಿ, ಕೈ ಸೋಪಿನಲ್ಲಿ ತೊಳೆಯಬೇಕು. ಸ್ತನದ ಮೇಲೆ ಹಚ್ಚಬಾರದು. ಒಂದು ಗಂಟೆ ಆ ಜಾಗ ತೊಳೆಯಬಾರದು, ಮಗುವಿನ ಮೈಗೆ ತಾಗಿಸಬಾರದು. ತಾಗಿದರೆ ಹಾರ್ಮೋನ್ ಮಗುವಿಗೂ ಹೋಗುತ್ತದೆ.

ತಂಗಿಯ ವಿಷಯವನ್ನೂ ನಾನು ಬಿಡಲಿಲ್ಲ. ‘ಗರ್ಭಕೋಶ ತೆಗೆದಿದ್ದಾರೆ’ ಅನ್ನುವ ಬಾಯಿಮಾತು ಸಾಲದು. ಕೆಲವರಿಗೆ ಗರ್ಭಕೋಶದ ಬಾಯಿ ಉಳಿಸಿರುತ್ತಾರೆ, ಅದರ ಜೊತೆ ಒಳಪದರದ ಚೂರು ಉಳಿದಿರಬಹುದು. ಒಳಪದರದಂಥದ್ದೇ ಗರ್ಭಕೋಶದ ಹೊರಗೆ ಬೆಳೆಯುವ ಎಂಡೊಮೆಟ್ರಿಯಾಸಿಸ್‌ಗೆ ಆಪರೇಷನ್ ಆಗಿದ್ದರೆ ಅಂಥ ಪದರ ಹೊಟ್ಟೆಯಲ್ಲಿ ಬೇರೆ ಕಡೆ ಇರಬಹುದು. ಆಗ ಪ್ರೊಜೆಸ್ಟರಾನ್ ಸೇರಿಸಬೇಕಾ ಅಂತ ಡಾಕ್ಟರು ಯೋಚಿಸುತ್ತಾರೆ. ಆಪರೇಷನ್ ಚೀಟಿಯ ಫೋಟೊ ತರಿಸಿ ಡಾಕ್ಟರಿಗೆ ತೋರಿಸಿದೆವು. ಬಾಯಿ ಸಮೇತ ಪೂರ್ತಿ ತೆಗೆದಿದ್ದರು, ಎಂಡೊಮೆಟ್ರಿಯಾಸಿಸ್ ಇರಲಿಲ್ಲ. ಆಕೆಗೆ ಒಂದೇ ಮಾತ್ರೆ ಸರಿ. ‘ಇರಲಿ ಅಂತ ನಾನೂ ಕ್ಯಾಪ್ಸೂಲ್ ತಗೊಳ್ಳಲಾ?’ ಅಂತ ಆಕೆ ಕೇಳಿದ್ದಳಂತೆ, ಬೇಡ ಅಂದೆ. ಅಮೆರಿಕದ ಡಬ್ಲ್ಯೂಎಚ್ಐ ಅಧ್ಯಯನದ 2002ರ ವರದಿಯಲ್ಲಿ, ಈಸ್ಟ್ರೊಜೆನ್ ಜೊತೆ ಪ್ರೊಜೆಸ್ಟರಾನ್ ಬಗೆಯ ಮಾತ್ರೆ ತೆಗೆದುಕೊಂಡವರಲ್ಲಿ ವರ್ಷಕ್ಕೆ 10,000 ಹೆಂಗಸರಿಗೆ ಎಂಟು ಸ್ತನ ಕ್ಯಾನ್ಸರ್ ಜಾಸ್ತಿ ಕಂಡಿತ್ತು. ಗರ್ಭಕೋಶ ಇಲ್ಲದೆ ಬರೀ ಈಸ್ಟ್ರೊಜೆನ್ ತೆಗೆದುಕೊಂಡವರಲ್ಲಿ ಹಾಗೆ ಏರಲಿಲ್ಲ. ಕಾಯಲು ಪದರವೇ ಇಲ್ಲದವರು ಆ ಹೊರೆ ಹೊರುವುದು ಯಾಕೆ?

ಸರೋಜಕ್ಕ ಈಗ ಜೆಲ್ ಅನ್ನು ಮೊದಲಿನ ಅರ್ಧ, 1.25 ಗ್ರಾಂ ಹಚ್ಚುತ್ತಿದ್ದಾರೆ. ಆರು ತಿಂಗಳಿಗೆ ಮಾಡಿದ ಬಯಾಪ್ಸಿಯಲ್ಲಿ ಪದರ ಸರಿಯಾಗಿತ್ತು. ಇನ್ನೂ ಆರು ತಿಂಗಳು ಬಿಟ್ಟು ಮತ್ತೊಂದು ಮಾಡಬೇಕು, ಅದೂ ಸರಿ ಬಂದರೆ ಈ ಪರೀಕ್ಷೆಗಳ ಸರದಿ ಮುಗಿಯುತ್ತದೆ. ಆ ತಾರೀಖನ್ನು ಸೊಸೆ ತನ್ನ ಫೋನಿನಲ್ಲಿ ಹಾಕಿಕೊಂಡಿದ್ದಾಳೆ.